ಗೋಡೆ ಘನ ಅಡಿ, ಗಿಲಾವು ಚದರ ಅಡಿ: ಎಸ್ಟಿಮೇಟ್ ತಾಳೆ ನೋಡೋದು ಹೇಗೆ?

ಪ್ರಶ್ನೆ (ಮನೆ ಕಟ್ಟಿಸುತ್ತಿರುವವರು, ಹಾಸನ): 30×40 ಸೈಟಿನಲ್ಲಿ 30×30ರ ಒಂದೇ ಅಂತಸ್ತಿನ ಮನೆ. ಕಂಟ್ರಾಕ್ಟರ್ ಕೊಟ್ಟ ಪಟ್ಟಿಯಲ್ಲಿ "ಬ್ಲಾಕ್ ಗೋಡೆ 1,000 ಘನ ಅಡಿ", "ಗಿಲಾವು 5,550 ಚದರ ಅಡಿ" ಅಂತಿದೆ. ಗಿಲಾವು ಜಾಸ್ತಿ ಅನ್ನಿಸ್ತಿದೆ. ಅಳತೆ ಸರಿಯಾ ಅಂತ ಹೇಗೆ ನೋಡಲಿ?

ಚಿಕ್ಕಮಗಳೂರಿನ ಒಬ್ಬರು: ಇಷ್ಟೆಲ್ಲಾ ತಲೆ ಯಾಕೆ ಕೆಡಿಸಿಕೊಳ್ತೀರಾ ಅಣ್ಣ? ನಾನು ಚದರಕ್ಕೆ ಇಷ್ಟು ಅಂತ ಒಂದೇ ಮಾತಲ್ಲಿ ಮುಗಿಸಿದೆ. ಆಮೇಲೆ ಸಜ್ಜಾ, ಸಂಪ್, ಕಾಂಪೌಂಡು ಎಲ್ಲಾ ಬೇರೆ ಅಂದರು, ಅದು ಬಿಡಿ.

ಎಸ್ಟಿಮೇಟ್ ಮಾಡುವ ಇಂಜಿನಿಯರ್, ಹಾಸನ: ಗೋಡೆಯ ಸಾಲನ್ನು ಮೊದಲು ಒಡೆಸಿ. ಎಂಟು ಇಂಚಿನದೂ ನಾಲ್ಕು ಇಂಚಿನದೂ ಒಂದೇ ಮೊತ್ತದಲ್ಲಿ ಸೇರಿಕೊಂಡಿವೆ. 100 ಘನ ಅಡಿ ಅಂದರೆ ಎಂಟು ಇಂಚಿನಲ್ಲಿ 150 ಚದರ ಅಡಿ ಗೋಡೆ, ನಾಲ್ಕು ಇಂಚಿನಲ್ಲಿ 300. ಹೀಗೆ ಬೆರೆಸಿಟ್ಟರೆ ಗಿಲಾವಿಗೆ ತಾಳೆ ಹಾಕೋಕೆ ದಾರಿಯೇ ಇಲ್ಲ. ದಪ್ಪ ಗೋಡೆ ಘನ ಅಡಿಯಲ್ಲೇ ಇರಲಿ, ನಾಲ್ಕು ಇಂಚಿನದನ್ನು ಚದರ ಅಡಿಯಲ್ಲಿ ಬರೆಸಿ. ಒಂದು ಸಾಲಿಗೆ ಒಂದೇ ದಪ್ಪ, ಒಂದೇ ಯೂನಿಟ್.

ಮೋಲ್ಡ್ ಕೆಲಸವೂ ಹಾಗೇ. ಕಾಂಕ್ರೀಟ್ ಘನ ಅಡಿ, ಕಂಬಿ ಕೆ.ಜಿ., ಸೆಂಟ್ರಿಂಗ್ ಚದರ ಅಡಿ. "ಕಂಬಿ ಸೇರಿ" ಅಂತ ಒಂದೇ ರೇಟಿದ್ದರೆ ಕಂಬಿ ಎಷ್ಟು ಹಾಕಿದರು ಅಂತ ಕೇಳೋಕೇ ಆಗಲ್ಲ.

ಪ್ರಶ್ನೆ ಕೇಳಿದವರು: ಸಂಜೆ ಕೇಳಿ ಬಂದೆ ಸರ್. ಎಂಟು ಇಂಚು 860 ಘನ ಅಡಿ, ನಾಲ್ಕು ಇಂಚು 140. ಬಾಗಿಲು, ಕಿಟಕಿ ಕಳೆದ ಲೆಕ್ಕವಂತೆ.

ಇಂಜಿನಿಯರ್: ಹಾಗಾದರೆ ಎಂಟು ಇಂಚಿನದು 1,290 ಚದರ ಅಡಿ, ನಾಲ್ಕು ಇಂಚಿನದು 420. ಒಟ್ಟು 1,710. ಎರಡೂ ಕಡೆ ಗಿಲಾವು ಅಂದರೆ 3,420. ಸೀಲಿಂಗ್‌ಗೆ ಸುಮಾರು 750 ಸೇರಿಸಿ, 4,170 ಆಯ್ತು. ನಿಮ್ಮ ಪಟ್ಟಿಗೂ ಇದಕ್ಕೂ 1,380 ವ್ಯತ್ಯಾಸ.

ಸೈಟ್ ಸೂಪರ್‌ವೈಸರ್ ಒಬ್ಬರು: ಹಾಗಿದ್ರೆ ಮೋಸ ಗ್ಯಾರಂಟಿ. ಬಾಗಿಲು, ಕಿಟಕಿ ಗಿಲಾವಿನಲ್ಲಿ ಕಳೆದೇ ಇಲ್ಲ. ಎರಡೂ ಕಡೆ ಪೂರ್ತಿ ಕಳೆಯಲೇಬೇಕು.

ಇಂಜಿನಿಯರ್: ಕಳೆಯಬೇಕು ಅನ್ನೋದು ಸರಿ, ಎರಡೂ ಕಡೆ ಅನ್ನೋದು ತಪ್ಪು. ಕಟ್ಟಡ ಕೆಲಸದ ಅಳತೆಗೆ ಇರುವ ಭಾರತೀಯ ಮಾನಕ ಐ.ಎಸ್. 1200 ಪ್ರಕಾರ ಅರ್ಧ ಚದರ ಮೀಟರಿಗಿಂತ ದೊಡ್ಡದು, ಮೂರು ಚದರ ಮೀಟರ್ ಒಳಗಿನದು ಆದರೆ ಒಂದು ಮುಖ ಮಾತ್ರ ಕಳೆಯುತ್ತಾರೆ. ಚೌಕಟ್ಟಿನ ಸುತ್ತ ಗೋಡೆಯ ದಪ್ಪಕ್ಕೂ ಗಿಲಾವು ಬಳಿಯಬೇಕಲ್ಲ, ಅದಕ್ಕೆ ಇನ್ನೊಂದು ಮುಖ ಸಮ. 4×4 ಅಡಿ ಕಿಟಕಿ ಅಂದರೆ ಸುಮಾರು ಒಂದೂವರೆ ಚದರ ಮೀಟರ್, ಇದರಲ್ಲೇ ಬರುತ್ತೆ. ನಾನು ಮೇಲೆ ಎರಡೂ ಮುಖ ಕಳೆದ ಗೋಡೆ ಹಿಡಿದಿದ್ದೆ, ಅಂದರೆ ನನ್ನ ಲೆಕ್ಕ ಸ್ವಲ್ಪ ಕಡಿಮೆಯೇ. ಕಾಲಮ್, ಬೀಮ್ ಬ್ಲಾಕಿನ ಲೆಕ್ಕದಲ್ಲಿ ಬರಲ್ಲ, ಆದರೆ ಗಿಲಾವು ಅವಕ್ಕೂ ಬೇಕು. ಎಲ್ಲಾ ಸೇರಿ 650 ಅಂತ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ. ಆಗಲೂ 730 ಉಳಿಯುತ್ತೆ.

ಮೇಲೆ ಪ್ಯಾರಾಪೆಟ್ ಇದೆಯಾ? ಎತ್ತರ ಎಷ್ಟು?

ಪ್ರಶ್ನೆ ಕೇಳಿದವರು: ಇದೆ ಸರ್, ಮೂರು ಅಡಿ, ನಾಲ್ಕು ಇಂಚಿನ ಬ್ಲಾಕು. ಸುತ್ತಲೂ.

ಇಂಜಿನಿಯರ್: ಸಿಕ್ಕಿತು. ಸುತ್ತಳತೆ 120 ಅಡಿ, ಮೂರು ಅಡಿ ಎತ್ತರ, ಎರಡು ಕಡೆ: 720 ಚದರ ಅಡಿ. ಗಿಲಾವಿನಲ್ಲಿ ಪ್ಯಾರಾಪೆಟ್ ಹಿಡಿದಿದ್ದಾರೆ, ಗೋಡೆಯಲ್ಲಿ ಬಿಟ್ಟಿದ್ದಾರೆ ಅನ್ನಿಸ್ತಿದೆ. ಅದಕ್ಕೆ 120 ಘನ ಅಡಿ ಬ್ಲಾಕ್ ಬೇಕು, ಅವರು ಕೊಟ್ಟ ನಾಲ್ಕು ಇಂಚಿನದು ಒಟ್ಟು 140. ಪ್ಯಾರಾಪೆಟ್ ಅದರಲ್ಲೇ ಸೇರಿದ್ದರೆ ಒಳಗಿನ ಗೋಡೆಗೆ 20 ಮಾತ್ರ ಉಳಿದಂತೆ. ಪ್ಲಾನಿನಲ್ಲಿ ಬಾತ್‌ರೂಮ್ ಗೋಡೆ, ಪಾರ್ಟಿಶನ್ ಅಳೆದು ನೋಡಿ, ಗೊತ್ತಾಗುತ್ತೆ. ಅದು 20ಕ್ಕಿಂತ ತುಂಬಾ ಜಾಸ್ತಿ ಬಂದರೆ ನಿಮಗೆ ಗಿಲಾವು ಜಾಸ್ತಿ ಹಾಕಿಲ್ಲ, ಗೋಡೆ ಕಡಿಮೆ ಬರೆದಿದ್ದಾರೆ. ಆ ಬ್ಲಾಕು ಮುಂದೆ "ಎಕ್ಸ್‌ಟ್ರಾ" ಅಂತ ಬರುತ್ತೆ.

ಪಟ್ಟಿಯನ್ನು ಪಾಯ, ಪಾಯದಿಂದ ಮೋಲ್ಡ್‌ವರೆಗೆ, ಮೋಲ್ಡ್ ಮೇಲೆ ಅಂತ ಮೂರು ಭಾಗ ಮಾಡಿಸಿ. ಪ್ರತಿ ಭಾಗದಲ್ಲೂ ಗೋಡೆ, ಅದರ ಕೆಳಗೇ ಅದರ ಗಿಲಾವು, ಅದರ ಕೆಳಗೆ ಬಣ್ಣ. ಎಣಿಕೆ, ಉದ್ದ, ಅಗಲ, ಎತ್ತರ ಬೇರೆ ಹಾಳೆಯಲ್ಲಿ ಇರಲಿ. ಅಲ್ಲಿ "ಮಲಗುವ ಕೋಣೆ, ಪೂರ್ವದ ಗೋಡೆ" ಅಂತ ಹೆಸರು ಬರೆದಿರಬೇಕು, ಬರೀ ಅಂಕಿ ಇದ್ದರೆ ಟೇಪ್ ಹಿಡಿದು ಯಾವ ಗೋಡೆಗೆ ಹೋಗೋದು?

ಸೂಪರ್‌ವೈಸರ್: ಮೀಟರಿನಲ್ಲಿ ಬರೆಸಿದರೆ ಒಳ್ಳೆಯದಲ್ವಾ? ಪಿ.ಡಬ್ಲ್ಯೂ.ಡಿ. ರೇಟ್ ಜೊತೆ ನೋಡಬಹುದು.

ಇಂಜಿನಿಯರ್: ಆಗಬಹುದು, ಆದರೆ ಅರ್ಧ ಪಟ್ಟಿ ಅಡಿಯಲ್ಲಿ, ಅರ್ಧ ಪಟ್ಟಿ ಮೀಟರಿನಲ್ಲಿ ಮಾಡಬೇಡಿ. ನಮ್ಮ ಮೇಸ್ತ್ರಿಗಳು ಅಡಿಯಲ್ಲೇ ಮಾತಾಡ್ತಾರೆ, ನಾನು ಅಡಿಯಲ್ಲೇ ಬಿಡ್ತೀನಿ.

ಪ್ರಶ್ನೆ ಕೇಳಿದವರು: ಅಳೆದೆ ಸರ್. ಒಳಗಿನ ನಾಲ್ಕು ಇಂಚಿನದೇ 130 ಘನ ಅಡಿ ಬಂತು. ಪ್ಯಾರಾಪೆಟ್ ಬ್ಲಾಕು ಮರೆತಿದ್ದಾರೆ. ಫೋನ್ ಮಾಡಿದ್ದಕ್ಕೆ "ಅದು ತಾರಸಿ ಕೆಲಸ, ಆಮೇಲೆ ನೋಡೋಣ" ಅಂದರು. ಗಿಲಾವಿಗೆ ಮಾತ್ರ ಈಗಲೇ ರೇಟ್ ಹಾಕಿದ್ದಾರಲ್ಲ!

ಇಂಜಿನಿಯರ್: ಆ 120 ಘನ ಅಡಿ ಸಾಲನ್ನು ಅಗ್ರಿಮೆಂಟ್‌ಗೆ ಮೊದಲೇ ಬರೆಸಿಕೊಳ್ಳಿ. ಹಣ ಯಾರದು ಅನ್ನೋದು ನಿಮ್ಮಿಬ್ಬರ ಮಾತು.