ಭಾಷೆ ಬದಲಿಸಿದ ಮೇಲೆ ಬರೀ ಖಾಲಿ ಚೌಕಗಳು: ಫಾಂಟ್ ಹಾಕಿದರೆ ಸಾಕಾ?

ಪ್ರಶ್ನೆ: ಡೆಬಿಯನ್‌ನಲ್ಲಿ ಒಂದು ತಂತ್ರಾಂಶದ ಭಾಷೆಯನ್ನು ಕನ್ನಡಕ್ಕೆ ಬದಲಿಸಿದೆ. ಮೆನುವಿನಲ್ಲಿ ಬರೀ ಖಾಲಿ ಚೌಕಗಳು. ಅದರಲ್ಲೇ ತೆರೆದ ಒಂದು ಫೈಲಿನಲ್ಲಿ ಮಾತ್ರ `à²•à²¨` ಅಂತ ಏನೇನೋ ಕಾಣುತ್ತಿದೆ. ಏನು ಮಾಡಲಿ?

ಒಬ್ಬ ಸದಸ್ಯರು: ಕನ್ನಡ ಫಾಂಟ್ ಇಲ್ಲ, ಅಷ್ಟೇ. ಒಂದು ಹಾಕಿ, ಎರಡೂ ಸರಿಯಾಗುತ್ತವೆ.

ಫಾಂಟ್ ಕೆಲಸ ಮಾಡುವವರು: ಮೆನು ಸರಿಯಾಗುತ್ತದೆ, ಫೈಲ್ ಆಗುವುದಿಲ್ಲ. ಚೌಕ ಕಂಡರೆ ಅಕ್ಷರ ಹಾಳಾಗಿಲ್ಲ ಎಂದೇ ತಿಳಿಯಿರಿ. ಅದನ್ನು ಬಿಡಿಸುವ ಆಕಾರ ಯಾವ ಫಾಂಟಿನಲ್ಲೂ ಸಿಗದೆ, ತಂತ್ರಾಂಶ ಅಲ್ಲೊಂದು ಚೌಕ ಇಟ್ಟಿರುತ್ತದೆ. ಕೆಲವು ಕಡೆ ಚೌಕದೊಳಗೇ ಚಿಕ್ಕದಾಗಿ 0C95 ಅಂತ ಇರುತ್ತದೆ. ಅದು 'ಕ'ದ ಯುನಿಕೋಡ್ ಸಂಖ್ಯೆ. ಚೌಕಗಳನ್ನು ನಕಲಿಸಿ ಕನ್ನಡ ಕಾಣುವ ಬೇರೆ ಸಾಧನಕ್ಕೆ ಕಳಿಸಿ ನೋಡಿ, ಅಲ್ಲಿ ಸರಿಯಾಗಿ ಓದಬಹುದು.

ಮೊದಲು ಫಾಂಟ್ ಇದೆಯಾ ಎಂದು ನೋಡಿ. ಮೊದಲ ಸಾಲಿಗೆ ಏನೂ ಬರದಿದ್ದರೆ ಎರಡನೆಯದನ್ನು ಕೊಡಿ:

```
fc-list :lang=kn
sudo apt install fonts-noto-core
```

ಆಮೇಲೆ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿರಿ. ತೆರೆದೇ ಇದ್ದರೆ ಹೊಸ ಫಾಂಟ್ ಅದರ ಕಣ್ಣಿಗೆ ಬೀಳದೇ ಹೋಗಬಹುದು.

ಫೈಲಿನ ಕಥೆ ಬೇರೆ. UTF-8ನಲ್ಲಿ 'ಕ' ಅಂದರೆ E0 B2 95 ಎಂಬ ಮೂರು ಬೈಟ್. ನಿಮ್ಮ ತಂತ್ರಾಂಶ ಅದನ್ನು Windows-1252 ಅಂದುಕೊಂಡು ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ಓದಿದೆ. ಅದಕ್ಕೇ `à²•` ಬಂತು. ತಪ್ಪಾಗಿ ಓದಿದ್ದನ್ನು ಯಾವ ಫಾಂಟೂ ಸರಿಮಾಡದು. ಫೈಲ್ ತೆರೆಯುವಾಗ ಎನ್‌ಕೋಡಿಂಗ್ UTF-8 ಎಂದು ಆರಿಸಿ. ಅಲ್ಲಿಯವರೆಗೆ ದಯವಿಟ್ಟು ಸೇವ್ ಮಾಡಬೇಡಿ. ಮಾಡಿದರೆ ಆ ತಪ್ಪು ಅಕ್ಷರಗಳೇ ಫೈಲಿನಲ್ಲಿ ಉಳಿದುಬಿಡಬಹುದು.

ಇನ್ನೊಬ್ಬರು: ನನ್ನದೂ ಇದೇ ಅಲ್ವಾ? ಹಳೇ ನುಡಿ ಫೈಲಿಗೆ Nirmala UI ಹಾಕಿದ ತಕ್ಷಣ `PÀ£ÀßqÀ` ಆಯಿತು. UTF-8 ಆರಿಸಿದರೂ ಹಾಗೇ ಇದೆ.

ಫಾಂಟ್ ಕೆಲಸ ಮಾಡುವವರು: ಅಲ್ಲ, ನಿಮ್ಮ ಫೈಲಿನಲ್ಲಿ ಇರುವುದೇ ಆ ಲ್ಯಾಟಿನ್ ಅಕ್ಷರಗಳು. ಹಳೇ ನುಡಿ ಫಾಂಟ್ P ಇರುವಲ್ಲಿ ಕನ್ನಡದ ಆಕಾರ ಬಿಡಿಸುತ್ತಿತ್ತು. ಫಾಂಟ್ ಬದಲಿಸಿದ್ದರಿಂದ ಒಳಗಿನದು ಹೊರಗೆ ಬಂತು. ಸುಮ್ನೆ ಓದಿದರೆ ಸಾಕು ಅನ್ನುವುದಾದರೆ ಹಳೇ ಫಾಂಟನ್ನೇ ಮತ್ತೆ ಹಾಕಿ. ಹುಡುಕಲು, ಬೇರೆಯವರಿಗೆ ಕಳಿಸಲು ಬೇಕಿದ್ದರೆ ಯುನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಎಡವಟ್ಟು ಆಗುವುದು ಅಲ್ಲೇ ಜಾಸ್ತಿ.

ಪ್ರಶ್ನೆ ಕೇಳಿದವರು: ಮೆನು, ಫೈಲ್ ಎರಡೂ ಸರಿಯಾದವು, ಧನ್ಯವಾದ. ಆದರೆ 'ಸಹಾಯ' ಕಿಟಕಿಯಲ್ಲಿ ಇನ್ನೂ ಚೌಕಗಳೇ.

ಫಾಂಟ್ ಕೆಲಸ ಮಾಡುವವರು: ಆ ಕಿಟಕಿ ತನ್ನದೇ ಫಾಂಟ್ ಇಟ್ಟುಕೊಂಡು, ವ್ಯವಸ್ಥೆಯದನ್ನು ಕೇಳುತ್ತಲೇ ಇಲ್ಲ ಅನಿಸುತ್ತದೆ. ತಂತ್ರಾಂಶದ ಫೋಲ್ಡರಿನಲ್ಲಿ `.ttf` ಫೈಲ್ ಏನಾದರೂ ಇದೆಯಾ ನೋಡಿ. ಇದ್ದರೆ ಹೆಸರು ಹೇಳಿ, ಅದರಲ್ಲಿ ಕನ್ನಡ ಇದೆಯಾ ಅಂತ ನೋಡೋಣ.