ಭಾನುವಾರದ ಪ್ರಶ್ನೋತ್ತರ: ಹಿಸ್ ಟ್ಯಾಗ್ ರಿಪೋರ್ಟಿನ ಪೀಠಿಕೆ

ಯಲಹಂಕ ಎಂಎಸ್ಸಿ: ಮೇಡಂ, ಹಿಸ್ ಟ್ಯಾಗ್ ಪ್ರಾಕ್ಟಿಕಲ್ ರಿಪೋರ್ಟಿಗೆ ಇಂಟ್ರೊಡಕ್ಷನ್ ಬರೆದೆ. "ಹಿಸ್ಟಿಡಿನ್‌ಗೆ ಪಾಸಿಟಿವ್ ಚಾರ್ಜ್ ಇದೆ, ಅದಕ್ಕೇ ನಿಕಲ್ ಕಾಲಂಗೆ ಅಂಟುತ್ತದೆ" ಅಂತ ಬರೆದಿದ್ದಕ್ಕೆ ನಮ್ಮ ಸರ್ ಕೆಂಪು ಗೆರೆ ಎಳೆದಿದ್ದಾರೆ. ಕಾರಣ ಹೇಳಲಿಲ್ಲ. ಇನ್ನೊಂದು, ಹಿಸ್ ಟ್ಯಾಗ್ ಜೋಡಿಸಿದ ನಮ್ಮ ಹಸಿರು ಪ್ರೊಟೀನ್ ಜಿಎಫ್‌ಪಿ ಕಾಲಂನಲ್ಲಿ ನಿಲ್ಲಲೇ ಇಲ್ಲ. ಹಸಿರೆಲ್ಲ ಸೀದಾ ಕೆಳಗಿನ ಟ್ಯೂಬಿಗೆ ಬಂತು. ಇಂಟ್ರೊಡಕ್ಷನ್‌ನಲ್ಲಿ ಏನು ಬರೆಯಲಿ?

ಪ್ರೊಟೀನ್ ಮೇಡಂ: ನಿಕಲ್ಲೂ ಪಾಸಿಟಿವ್ ಅಲ್ವಾ? ಎರಡು ಪಾಸಿಟಿವ್ ಯಾಕೆ ಅಂಟುತ್ತವೆ? ಕೆಂಪು ಗೆರೆ ಅದಕ್ಕೇ. ಉಳಿದಿದ್ದು ಊಟ ಮುಗಿಸಿ ಬರೆಯುತ್ತೇನೆ. ಅಷ್ಟರಲ್ಲಿ ಮೂರು ವಿಷಯ ಹೇಳಿ. ಬಫರ್ ಪಿಎಚ್ ಎಷ್ಟಿತ್ತು? ಲೈಸಿಸ್ ಬಫರ್‌ಗೆ ಏನೇನು ಹಾಕಿದ್ದಿರಿ? ಪ್ರೊಟೀನ್ ಇಳಿದ ಮೇಲೆ ಕಾಲಂ ಯಾವ ಬಣ್ಣ ಇತ್ತು?

ಕೆಂಗೇರಿ ಬಫರ್: ಪಿಎಚ್ ಇಳಿಸಿ ನೋಡಿ. 6ಕ್ಕೆ ತಂದರೆ ಹಿಸ್ಟಿಡಿನ್ ಚೆನ್ನಾಗಿ ಚಾರ್ಜ್ ಆಗುತ್ತೆ, ಆಮೇಲೆ ಬಿಡಲ್ಲ.

ಯಲಹಂಕ ಎಂಎಸ್ಸಿ: ಪಿಎಚ್ 8 ಮೇಡಂ. ಬಫರ್‌ನಲ್ಲಿ ಉಪ್ಪು, 20 ಮಿಲಿಮೋಲಾರ್ ಇಮಿಡಜೋಲ್. ಜೊತೆಗೆ 5 ಮಿಲಿಮೋಲಾರ್ ಇಡಿಟಿಎ. ಕ್ಲಾಸಿನ ವಾಟ್ಸಾಪ್ ಗುಂಪಲ್ಲಿ ಒಂದು ಫಾರ್ವರ್ಡ್ ಇತ್ತು, ಇಡಿಟಿಎ ಹಾಕಿದರೆ ಪ್ರೊಟೀಯೇಸ್ ಕಾಟ ಇರಲ್ಲ ಅಂತ. ಕಾಲಂ ಮೊದಲು ತಿಳಿ ನೀಲಿ ಇತ್ತು. ಈಗ ಬೆಳ್ಳಗಾಗಿದೆ. ತೊಳೆದಿದ್ದಕ್ಕೆ ಕ್ಲೀನ್ ಆಯಿತು ಅಂದುಕೊಂಡೆವು.

ಪ್ರೊಟೀನ್ ಮೇಡಂ: ಅಯ್ಯೋ. ಕ್ಲೀನ್ ಆಗಿದ್ದಲ್ಲ, ನಿಮ್ಮ ನಿಕಲ್ಲೇ ಹೊರಟುಹೋಗಿದೆ. ಆ ನೀಲಿಯೇ ನಿಕಲ್.

ಇಂಟ್ರೊಡಕ್ಷನ್‌ಗೂ ಇದೇ ದಾರಿ, ನಿಧಾನವಾಗಿ ಓದಿ. ನಿಕಲ್ ಅಯಾನಿಗೆ ಆರು ಕೈ ಅಂದುಕೊಳ್ಳಿ. ಕಾಲಂನ ಮಣಿಗಳ ಮೇಲಿರುವ ಎನ್‌ಟಿಎ ಅದರಲ್ಲಿ ನಾಲ್ಕನ್ನು ಹಿಡಿದುಕೊಂಡಿರುತ್ತದೆ. ಉಳಿದ ಎರಡು ಕೈಯಲ್ಲಿ ಸುಮ್ನೆ ನೀರು ಇರುತ್ತದೆ. ಹಿಸ್ಟಿಡಿನ್‌ನ ಉಂಗುರದಲ್ಲಿ ಒಂದು ನೈಟ್ರೋಜನ್ ಇದೆ. ಅದರ ಬಿಡಿ ಎಲೆಕ್ಟ್ರಾನ್ ಜೋಡಿ ನೀರನ್ನು ತಳ್ಳಿ ಆ ಜಾಗದಲ್ಲಿ ಕೂರುತ್ತದೆ. ಇದು ಚಾರ್ಜಿನ ಆಟ ಅಲ್ಲ, ಎಲೆಕ್ಟ್ರಾನ್ ಜೋಡಿ ಕೊಡುವ ಆಟ. ಒಂದು ಹಿಸ್ಟಿಡಿನ್ ಹಿಡಿದರೆ ಸಡಿಲ. ಸಾಲಾಗಿ ಆರು ಇದ್ದರೆ ಒಂದು ಬಿಟ್ಟರೂ ಪಕ್ಕದ್ದು ಹಿಡಿಯುತ್ತದೆ. ಟ್ಯಾಗ್‌ನ ಗುಟ್ಟು ಇಷ್ಟೇ.

ಕೆಂಗೇರಿಯವರೇ, ಪಿಎಚ್ ಮುಖ್ಯ ಅನ್ನೋದು ಸರಿ. ದಿಕ್ಕು ಮಾತ್ರ ಉಲ್ಟಾ. ಹಿಸ್ಟಿಡಿನ್ ಉಂಗುರದ ಪಿಕೆಎ ಸುಮಾರು 6. ಅದಕ್ಕಿಂತ ಕೆಳಗೆ ಹೋದರೆ ಪ್ರೋಟಾನ್ ಬಂದು ಆ ನೈಟ್ರೋಜನ್ ಮೇಲೆ ಕೂತುಬಿಡುತ್ತದೆ, ನಿಕಲ್‌ಗೆ ಕೊಡಲು ಜೋಡಿ ಉಳಿಯುವುದಿಲ್ಲ. ಪಿಎಚ್ 4.5ಕ್ಕೆ ಇಳಿಸಿ ಪ್ರೊಟೀನ್ ಬಿಡಿಸಿಕೊಳ್ಳುವ ಪದ್ಧತಿಯೇ ಇದೆ.

ಇನ್ನು ಇಮಿಡಜೋಲ್. ಹಿಸ್ಟಿಡಿನ್‌ನ ಉಂಗುರ ಅದೇ, ಬೇರೆ ಏನೂ ಅಲ್ಲ. ಸ್ವಲ್ಪ ಹಾಕಿದರೆ ಒಂದೆರಡು ಹಿಸ್ಟಿಡಿನ್‌ನಿಂದ ನೇತಾಡುವ ಇ. ಕೊಲೈ ಬ್ಯಾಕ್ಟೀರಿಯಾದ ಪ್ರೊಟೀನ್‌ಗಳು ಜಾಗ ಬಿಡುತ್ತವೆ. 250 ಮಿಲಿಮೋಲಾರ್ ಹಾಕಿದರೆ ನಿಮ್ಮದೂ ಬಿಡುತ್ತದೆ. ಬಂಧ ಮುರಿಯುವುದಲ್ಲ, ಜಾಗಕ್ಕೆ ಪೈಪೋಟಿ.

ಈಗ ಇಡಿಟಿಎ. ಅದು ಒಂದೇ ಆರು ಕೈಯನ್ನೂ ಹಿಡಿಯಬಲ್ಲದು. ನಾಲ್ಕು ಹಿಡಿದ ಎನ್‌ಟಿಎ ಹತ್ತಿರ ನಿಕಲ್ ಯಾಕೆ ನಿಲ್ಲುತ್ತದೆ? ಎಷ್ಟು ಲೈಸೇಟ್ ಹಾಕಿದಿರಿ? ಎಷ್ಟು ರೆಸಿನ್?

ಯಲಹಂಕ ಎಂಎಸ್ಸಿ: 20 ಎಂಎಲ್ ಲೈಸೇಟ್, 1 ಎಂಎಲ್ ರೆಸಿನ್.

ಪ್ರೊಟೀನ್ ಮೇಡಂ: 5 ಮಿಲಿಮೋಲಾರ್‌ದು 20 ಎಂಎಲ್ ಅಂದರೆ 100 ಮೈಕ್ರೋಮೋಲ್ ಇಡಿಟಿಎ. 1 ಎಂಎಲ್ ರೆಸಿನ್‌ನಲ್ಲಿ ನಿಕಲ್ ಸಾಮಾನ್ಯವಾಗಿ 15 ಮೈಕ್ರೋಮೋಲ್ ಆಸುಪಾಸು. ಒಂದಕ್ಕೆ ಆರು. ಮೊದಲ ಕೆಲವು ಎಂಎಲ್‌ನಲ್ಲೇ ನಿಕಲ್ ಖಾಲಿ.

ರಾಜಾಜಿನಗರ ರಾಯರು: ನಿಕಲ್ ಪಾತ್ರೆಗೂ ಹುಣಸೆಹುಳಿ ಒಳ್ಳೇದು. ನಮ್ಮ ಮನೆಯಲ್ಲಿ...

ಪ್ರೊಟೀನ್ ಮೇಡಂ: ರಾಯರೇ, ಇದು ಪಾತ್ರೆ ಅಲ್ಲ.

ಬಿಎಸ್ಸಿ ಕೊನೆ ಬೆಂಚು: ಮೇಡಂ ಇಮಿಡಜೋಲ್ ಎಷ್ಟು ಹಾಕಬೇಕು?

ಪ್ರೊಟೀನ್ ಮೇಡಂ: ಮೇಲಿದೆ.

ಪಿಎಚ್‌ಡಿ ಐದನೇ ವರ್ಷ: ನನಗೂ ಹೀಗೇ ಕೆಳಗೆ ಬಂದಿತ್ತು, ಆದರೆ ಕಾರಣ ಟ್ಯಾಗ್ ಒಳಗೆ ಮಡಚಿಕೊಂಡಿತ್ತು. 8 ಮೋಲಾರ್ ಯೂರಿಯಾ ಹಾಕಿದೆ, ಅಂಟಿತು. ಯೂರಿಯಾ ಟ್ರೈ ಮಾಡಿ. ಇಲ್ಲಾಂದ್ರೆ ಕೋಬಾಲ್ಟ್‌ಗೆ ಹೋಗಿ, ನಿಕಲ್‌ಗಿಂತ ಯಾವಾಗಲೂ ಬೆಸ್ಟ್.

ಕೆಂಗೇರಿ ಬಫರ್: ಯಾವಾಗಲೂ ಅನ್ನೋದು ಜಾಸ್ತಿ ಆಯಿತು. ಕೋಬಾಲ್ಟ್‌ನಲ್ಲಿ ಪ್ರೊಟೀನ್ ಕಡಿಮೆ ಸಿಗುತ್ತೆ.

ಪಿಎಚ್‌ಡಿ ಐದನೇ ವರ್ಷ: ಕಡಿಮೆ ಸಿಕ್ಕರೂ ಶುದ್ಧ ಸಿಗುತ್ತೆ. ಜೆಲ್ ಹಾಕಿ ನೋಡಿದ್ದೀರಾ, ಇಲ್ಲ ಸುಮ್ನೆ ಹೇಳ್ತಿದ್ದೀರಾ?

ಕೆಂಗೇರಿ ಬಫರ್: ನೀವು ಹುಟ್ಟೋಕೆ ಮುಂಚೆ ಜೆಲ್ ಹಾಕಿದೀನಿ.

ಪ್ರೊಟೀನ್ ಮೇಡಂ: ಕಾಲಂ ಬೆಳ್ಳಗಾದ ಮೇಲೆ ಯೂರಿಯಾ ಸುರಿದರೂ ಅಂಟಲ್ಲ, ಅಂಟಲು ನಿಕಲ್ ಎಲ್ಲಿದೆ? ಬಣ್ಣ ನೀಲಿಯೇ ಇದ್ದು ಪ್ರೊಟೀನ್ ಕೆಳಗೆ ಬಂದರೆ ಆಗ ಟ್ಯಾಗ್ ಮಡಚಿದೆಯಾ ಅಂತ ಅನುಮಾನ ಪಡಿ. ಕಂದು ಆಗಿದ್ದರೆ ಡಿಟಿಟಿ ಜಾಸ್ತಿ ಬಿದ್ದಿದೆ. ಮೊದಲು ಬಣ್ಣ ನೋಡಿ, ಆಮೇಲೆ ಔಷಧಿ. ಅಂದಹಾಗೆ ಜಿಎಫ್‌ಪಿಗೆ ಯೂರಿಯಾ ಹಾಕಿ ಅಂತ ಹೇಳಿಕೊಡಬೇಡಿ. ಬಿಚ್ಚಿಕೊಂಡರೆ ಹಸಿರೇ ಹೋಗುತ್ತದೆ.

ಬಿಎಸ್ಸಿ ಕೊನೆ ಬೆಂಚು: ಹಿಸ್ಟರಿ ಬೇಕಾ ಇಂಟ್ರೊದಲ್ಲಿ? ಇಮಿಡಜೋಲ್ ಎಷ್ಟು?

ಪ್ರೊಟೀನ್ ಮೇಡಂ: ಎರಡು ಸಾಲು ಸಾಕು. 1975ರಲ್ಲಿ ಪೊರಾತ್ ಮತ್ತು ಜೊತೆಯವರು ಲೋಹ ಹಿಡಿದ ಕಾಲಂ ಅನ್ನು ತೋರಿಸಿದರು. 1987–88ರಲ್ಲಿ ಹೊಚುಲಿ ಮತ್ತು ಜೊತೆಯವರು ಎನ್‌ಟಿಎಯನ್ನೂ ಹಿಸ್ಟಿಡಿನ್ ಸಾಲನ್ನೂ ತಂದರು. ಎರಡನೇ ಪ್ರಶ್ನೆಗೆ ಉತ್ತರ ಕೊಡಲ್ಲ.

ವಿಜಯನಗರ ಲ್ಯಾಬ್: ಮೇಡಂ, ಟ್ಯಾಗ್ ಎನ್ ತುದಿಯಲ್ಲಿ ಇರಬೇಕಾ ಸಿ ತುದಿಯಲ್ಲಾ? ನಮ್ಮ ಕನ್ಸ್ಟ್ರಕ್ಟ್ ಆರ್ಡರ್ ಮಾಡಬೇಕು.

ಯಲಹಂಕ ಎಂಎಸ್ಸಿ: ಅಂದರೆ ನಾನು ಇಂಟ್ರೊದಲ್ಲಿ ಇಡಿಟಿಎ ಬಗ್ಗೆ ಬರೆಯಬೇಕಾ? ತಪ್ಪು ಒಪ್ಪಿಕೊಂಡ ಹಾಗೆ ಆಗಲ್ವಾ?

ಪ್ರೊಟೀನ್ ಮೇಡಂ: ನಿಮ್ಮ ಫಲಿತಾಂಶ ಇಂಟ್ರೊದಲ್ಲಿ ಬರಬಾರದು, ಅದು ಚರ್ಚೆ ಭಾಗಕ್ಕೆ. ಆದರೆ ಆರು ಕೈ, ನಾಲ್ಕು ಕೈ ವಿಷಯ ಇಂಟ್ರೊದಲ್ಲಿ ಇರಲೇಬೇಕು. ನಿಮ್ಮ ಹಳೇ ವಾಕ್ಯ ಇಟ್ಟುಕೊಂಡು ನೋಡಿ: ಚಾರ್ಜಿಗೆ ಅಂಟುತ್ತೆ ಅಂದರೆ ಇಡಿಟಿಎ ಯಾಕೆ ಕೆಡಿಸಿತು, ಇಮಿಡಜೋಲ್ ಯಾಕೆ ಬಿಡಿಸುತ್ತದೆ, ಪಿಎಚ್ 8 ಯಾಕೆ, ಒಂದಕ್ಕೂ ಉತ್ತರ ಸಿಗಲ್ಲ. ಹೊಸದರಲ್ಲಿ ಮೂರಕ್ಕೂ ಸಿಗುತ್ತದೆ. ಕೊನೆಗೆ ಈ ಪ್ರಯೋಗದಲ್ಲಿ ಏನು ನಿರೀಕ್ಷೆ ಅಂತ ಒಂದು ಸಾಲು: ಟ್ಯಾಗ್ ಇರುವ ಜಿಎಫ್‌ಪಿ 20ರಲ್ಲಿ ನಿಂತು 250ರಲ್ಲಿ ಇಳಿಯಬೇಕು, ಜೆಲ್‌ನಲ್ಲಿ 27–28 ಕಿಲೋಡಾಲ್ಟನ್ ಹತ್ತಿರ ಒಂದು ಪಟ್ಟಿ ಕಾಣಬೇಕು. ಎಷ್ಟು ಎಂಎಲ್, ಎಷ್ಟು ಆರ್‌ಪಿಎಂ, ಇವೆಲ್ಲ ಮೆಥಡ್ಸ್‌ಗೆ.

ಜಯನಗರ ಬಯೋಟೆಕ್: ಒಂದು ಫಾರ್ವರ್ಡ್ ಬಂದಿದೆ. "ಹಳೇ ಕಾಲಂಗೆ ಬಿಳಿ ವಿನೆಗರ್ ಹಾಕಿ ಸಿಂಕಿಗೆ ಬಿಡಿ, ಹೊಸದಾಗುತ್ತೆ." ನಿಜವಾ?

ಪ್ರೊಟೀನ್ ಮೇಡಂ: ಇದನ್ನು ಯಾರು ಬರೆದು ಕಳಿಸುತ್ತಾರೋ. ನಿಕಲ್ ಲವಣ ಚರ್ಮಕ್ಕೆ ಅಲರ್ಜಿ, ಪುಡಿ ಉಸಿರಿಗೆ ಹೋದರೆ ಕ್ಯಾನ್ಸರ್ ಅಪಾಯ. ಸಿಂಕಿಗೆ ಬಿಡಬೇಡಿ, ಲೋಹದ ತ್ಯಾಜ್ಯದ ಬಾಟಲಿಗೆ ಹಾಕಿ. ಗ್ಲೋವ್ಸ್ ಹಾಕಿಕೊಳ್ಳಿ. ಇನ್ನು ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಜಯನಗರ ಬಯೋಟೆಕ್: ಕೇಳಿದ್ದಕ್ಕೇ ಇಷ್ಟು ಸಿಟ್ಟಾ?

ಯಲಹಂಕ ಎಂಎಸ್ಸಿ: ಮೇಡಂ, ಪ್ರೊಟೀನ್ ಉಳಿಸಬಹುದಾ? ಫ್ರಿಜ್‌ನಲ್ಲಿ ಎರಡು ಹಸಿರು ಟ್ಯೂಬ್ ಇವೆ. ಒಂದು ಮಿಕ್ಕಿದ ಲೈಸೇಟ್, ಇನ್ನೊಂದು ಕೆಳಗೆ ಬಂದದ್ದು. ಲೇಬಲ್ ಅಳಿಸಿಹೋಗಿದೆ, ಯಾವುದು ಯಾವುದು ಗೊತ್ತಾಗುತ್ತಿಲ್ಲ.

ಪ್ರೊಟೀನ್ ಮೇಡಂ: ಎರಡರಲ್ಲೂ ಇಡಿಟಿಎ ಇದೆ, ಲೇಬಲ್‌ಗೆ ಅಳಬೇಡಿ. ಎರಡನ್ನೂ ಡಯಾಲಿಸಿಸ್ ಚೀಲಕ್ಕೆ ಹಾಕಿ. 20 ಎಂಎಲ್‌ಗೆ 1 ಲೀಟರ್ ಬಫರ್, ಇಡಿಟಿಎ ಇಲ್ಲದ್ದು, 4 ಡಿಗ್ರಿಯಲ್ಲಿ. ಒಂದು ಸಲ ಬದಲಾಯಿಸಿ, ಎರಡನೇದನ್ನು ರಾತ್ರಿಯಿಡೀ ಬಿಡಿ. 5 ಮಿಲಿಮೋಲಾರ್ ಇದ್ದದ್ದು ಸುಮಾರು 2 ಮೈಕ್ರೋಮೋಲಾರ್‌ಗೆ ಇಳಿಯುತ್ತದೆ. ಕಾಲಂ ಅನ್ನು ನೀರಿನಲ್ಲಿ ಚೆನ್ನಾಗಿ ತೊಳೆದು 100 ಮಿಲಿಮೋಲಾರ್ ನಿಕಲ್ ಸಲ್ಫೇಟ್ ಹಾಕಿ, ನೀಲಿ ವಾಪಸ್ ಬಂತಾ ನೋಡಿ, ಮತ್ತೆ ನೀರು, ಆಮೇಲೆ ಬಫರ್. ಪ್ರೊಟೀಯೇಸ್ ಭಯ ಇದ್ದರೆ ಇಡಿಟಿಎ ಇಲ್ಲದ ಮಾತ್ರೆ ಸಿಗುತ್ತದೆ, ಅದನ್ನು ತಗೊಳ್ಳಿ.

ಬಿಎಸ್ಸಿ ಕೊನೆ ಬೆಂಚು: 280 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ತೆಗೆದರೆ ಪ್ರೊಟೀನ್ ಜಾಸ್ತಿ ತೋರಿಸುತ್ತಿದೆ. ಖುಷಿ ಪಡಬಹುದಾ?

ಪ್ರೊಟೀನ್ ಮೇಡಂ: ಇಮಿಡಜೋಲೂ 280ರಲ್ಲಿ ಸ್ವಲ್ಪ ಹೀರುತ್ತದೆ. ಬ್ಲಾಂಕ್‌ಗೆ ಅದೇ ಬಫರ್ ಇಡಿ.

ವಿಜಯನಗರ ಲ್ಯಾಬ್: ಮೇಡಂ, ಎನ್ ತುದಿ, ಸಿ ತುದಿ?

ಕೆಂಗೇರಿ ಬಫರ್: ಕೋಬಾಲ್ಟ್ ಸಾಹೇಬ್ರನ್ನ ಕೇಳಿ.

ಯಲಹಂಕ ಎಂಎಸ್ಸಿ: ಡಯಾಲಿಸಿಸ್‌ಗೆ ಹಾಕಿದೆ ಮೇಡಂ. ಕಾಲಂ ಮತ್ತೆ ನೀಲಿ ಆಗಿದೆ. ನಾಳೆ ಬೆಳಿಗ್ಗೆ ಲೋಡ್ ಮಾಡುತ್ತೇನೆ. ರಿಪೋರ್ಟ್ ಮಾತ್ರ ಇವತ್ತೇ ಕೊಡಬೇಕು.