4 ಇಂಚು ತೆಗೆದು 6 ಇಂಚು ಹಾಕಿದ್ವಿ, ಈಗ ಪೈಪ್ ಕಟ್ಟಿಕೊಳ್ತಿದೆ

ಕನಕಪುರ ಕ್ರಷರ್: ಮೇಡಂ, ನಮ್ಮದು ಎಂ-ಸ್ಯಾಂಡ್ ಪ್ಲಾಂಟ್. ವಾಷರ್‌ನಿಂದ ಬರೋ ಕೆಸರುನೀರನ್ನ 140 ಮೀಟರ್ ದೂರದ ಹೊಂಡಕ್ಕೆ ಪಂಪ್ ಮಾಡ್ತೀವಿ. 4 ಇಂಚಿನ ಪೈಪ್ ಇದ್ದಾಗ ಹೊಂಡದ ತುದೀಲಿ 200 ಲೀಟರ್ ಡ್ರಮ್ 12 ಸೆಕೆಂಡಿಗೆ ತುಂಬ್ತಿತ್ತು. ಪೈಪಿನ ತಳ ಸವೆದು ತೂತಾಯ್ತು, ದೊಡ್ಡದಿದ್ರೆ ಕಟ್ಟಲ್ಲ ಅಂತ 6 ಇಂಚು ಹಾಕಿಸಿದ್ವಿ. ಮೊದಲ ದಿನ ಡ್ರಮ್ 10 ಸೆಕೆಂಡಿಗೇ ತುಂಬ್ತು, ಮೂರನೇ ದಿನ ಪೂರ್ತಿ ಬಂದ್. ಬಿಚ್ಚಿ ತೊಳೆದು ಹಾಕಿದ್ರೂ ಮತ್ತೆ ಅದೇ ಕಥೆ. ಪಂಪ್ ಬದಲಿಸಬೇಕಾ?

ಪಂಪ್ ಮೇಡಂ: ಪಂಪ್ ಸರಿಯಾಗಿದೆ. ಡ್ರಮ್ ಲೆಕ್ಕ ಇಟ್ಟಿದ್ದೀರಲ್ಲ, ಅದರಿಂದಲೇ ಉತ್ತರ ಸಿಗುತ್ತದೆ.

12 ಸೆಕೆಂಡಿಗೆ 200 ಲೀಟರ್ ಎಂದರೆ ಸೆಕೆಂಡಿಗೆ ಸುಮಾರು 16.7 ಲೀಟರ್. 4 ಇಂಚಿನ ಪೈಪಿನಲ್ಲಿ ಅದು ಸೆಕೆಂಡಿಗೆ 2.1 ಮೀಟರ್ ವೇಗದಲ್ಲಿ ಓಡುತ್ತದೆ. 6 ಇಂಚಿನಲ್ಲಿ ಘರ್ಷಣೆ ಕಡಿಮೆಯಾಗಿ ಸೆಕೆಂಡಿಗೆ 20 ಲೀಟರ್ ಬಂತು. ನೀವು ಖುಷಿಪಟ್ಟಿರಿ. ಆದರೆ ಒಳಗಿನ ವೇಗ 1.1 ಮೀಟರಿಗೆ ಇಳಿಯಿತು. ಮರಳು ನೋಡುವುದು ವೇಗವನ್ನು, ಲೀಟರನ್ನಲ್ಲ.

ಮರಳು ತಳ ಹಿಡಿಯದೆ ಸಾಗಲು ಬೇಕಾದ ವೇಗಕ್ಕೆ ಡ್ಯೂರಾಂಡ್ ಸೂತ್ರ ಬಳಸುತ್ತೇವೆ:

```
V = F × √(2 × g × D × (S − 1))
```

g ಗುರುತ್ವ ವೇಗೋತ್ಕರ್ಷ, 9.81. D ಮೀಟರಿನಲ್ಲಿ ಪೈಪಿನ ಒಳವ್ಯಾಸ, S ನೀರಿಗಿಂತ ಮರಳು ಎಷ್ಟು ಪಟ್ಟು ಸಾಂದ್ರ ಎಂಬುದು. ಇಲ್ಲಿ 2.65 ಹಿಡಿಯಿರಿ. F ಕಣದ ಗಾತ್ರ, ಕೆಸರಿನ ಗಟ್ಟಿತನಗಳ ಮೇಲೆ ಹೋಗುತ್ತದೆ. ನಿಮ್ಮಂಥ ಮಿಶ್ರ ಮರಳಿಗೆ ಅಂದಾಜು 1 ಎಂದಿಟ್ಟುಕೊಂಡರೆ 4 ಇಂಚಿಗೆ 1.8 ಮೀಟರ್, 6 ಇಂಚಿಗೆ 2.2 ಮೀಟರ್ ಬರುತ್ತದೆ. ಪೈಪ್ ದೊಡ್ಡದಾದಷ್ಟೂ ಬೇಕಾದ ವೇಗ ಏರುತ್ತದೆ, ಸಿಗುವ ವೇಗ ಇಳಿಯುತ್ತದೆ. ಹಳೆಯ ಪೈಪಿನಲ್ಲಿ ನಿಮಗೆ ಸ್ವಲ್ಪವೇ ಮಿಗುತ್ತಿತ್ತು, ಮರಳು ತಳಕ್ಕೆ ಉಜ್ಜಿಕೊಂಡು ಹೋಗುತ್ತಿತ್ತು, ಅದಕ್ಕೇ ತಳ ಸವೆಯಿತು. ಹೊಸದರಲ್ಲಿ ಬೇಕಾದ್ದರ ಅರ್ಧವೇ ಇದೆ.

ಮೂರು ದಿನ ಹೇಗೆ ನಡೆಯಿತು ಎಂದರೆ, ತಳದಲ್ಲಿ ಮರಳು ಹಾಸುತ್ತಾ ಹೋದಂತೆ ಮೇಲಿನ ದಾರಿ ಕಿರಿದಾಗಿ ವೇಗ ತಾನೇ ಏರುತ್ತದೆ, ಒಂದು ಹಂತದಲ್ಲಿ ಸರಿದೂಗುತ್ತದೆ. ಆಮೇಲೆ ಕರೆಂಟ್ ಹೋದರೆ ಸಾಕು, ಆ ಹಾಸು ಏರಿನಿಂದ ಜಾರಿ ತಗ್ಗಿನಲ್ಲಿ ಗಂಟು ಕಟ್ಟುತ್ತದೆ. ನಿಮ್ಮ ಲೈನಿನಲ್ಲಿ ಏರು ಎಲ್ಲಿದೆ? ಪಂಪಿನ ಪ್ರೆಷರ್ ಗೇಜ್ ಏನು ತೋರಿಸಿತು?

ಬೋರ್‌ವೆಲ್ ಬಸಣ್ಣ: ಮೇಡಮ್ಮಾರ, ನಮ್ಮ ಬೋರಿನ್ಯಾಗ ನೀರಿನ ಜೋಡಿ ಉಸುಕು ಬರಾಕತ್ತೇತ್ರಿ. ನಾನೂ ಸಣ್ಣ ಪೈಪ್ ಹಾಕ್ಲೇನ್ರಿ?

ಪಂಪ್ ಮೇಡಂ: ಬೇಡ. ನಿಮ್ಮದು ಬೇರೆ ವಿಷಯ, ಕೇಸಿಂಗ್ ನೋಡಿಸಿ.

ಹೊಸಪೇಟೆ ಫಿಟ್ಟರ್: ಇಷ್ಟೆಲ್ಲ ಲೆಕ್ಕ ಯಾಕೆ? ನೀರು ಜಾಸ್ತಿ ಬಿಟ್ಟು ತೆಳು ಮಾಡಿದ್ರೆ ಆಯ್ತು. ಗಟ್ಟಿ ಇದ್ರೇ ಕಟ್ಟೋದು.

ಮಂಗಳೂರು ನಿವೃತ್ತ: ಕುದುರೆಮುಖದಿಂದ ನಮ್ಮೂರಿಗೆ 67 ಕಿಲೋಮೀಟರ್ ಅದಿರಿನ ಕೆಸರು ಪೈಪಿನಲ್ಲೇ ಬರುತ್ತಿತ್ತು ಮಾರಾಯ್ರೆ. ಅದು ಗಟ್ಟಿಯೇ ಇತ್ತು. ತೆಳು ಮಾಡಿದರೆ ಬೇಗ ಕೂರುತ್ತದೆ.

ಹೊಸಪೇಟೆ ಫಿಟ್ಟರ್: ಅದು ದೊಡ್ಡ ಕಂಪನಿ ಪಂಪ್ ಸರ್, ಇಲ್ಲಿಗೆ ಹೋಲಿಸಬೇಡಿ. ನಾನು ಇಪ್ಪತ್ತು ವರ್ಷದಿಂದ ಪೈಪ್ ಬಿಚ್ತಾ ಇದೀನಿ.

ಮಂಗಳೂರು ನಿವೃತ್ತ: ಬಿಚ್ಚುವುದೇ ಆಯಿತಲ್ಲ, ಕಟ್ಟದ ಹಾಗೆ ಮಾಡಿದ್ದು ಎಷ್ಟು ಹೇಳಿ.

ಪಂಪ್ ಮೇಡಂ: ಇಬ್ಬರೂ ಒಂದು ನಿಮಿಷ ನಿಲ್ಲಿಸಿ. ಅಲ್ಲಿ ಅದಿರನ್ನು ಹಿಟ್ಟಿನಂತೆ ಅರೆದು ಕಳಿಸುತ್ತಿದ್ದರು. 0.05 ಮಿಲಿಮೀಟರಿನ ಮರಳಿನ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಎರಡು ಮಿಲಿಮೀಟರಿನಷ್ಟು ಇಳಿಯುತ್ತದೆ, 1 ಮಿಲಿಮೀಟರಿನದು ಹತ್ತು ಸೆಂಟಿಮೀಟರಿಗೂ ಹೆಚ್ಚು. ನಯವಾದ ಪುಡಿ ಹೆಚ್ಚಿದ್ದರೆ ನೀರೇ ಮಂದವಾಗಿ ದಪ್ಪ ಕಣಗಳನ್ನೂ ಸ್ವಲ್ಪ ಹೊರುತ್ತದೆ, ಆ ಮಟ್ಟಿಗೆ ಮಂಗಳೂರಿನವರು ಹೇಳಿದ್ದು ಸರಿ. ಹೊರೆ ಕಡಿಮೆಯಾದರೆ ಹಾಸು ನಿಧಾನವಾಗಿ ಬೆಳೆಯುತ್ತದೆ, ಅಷ್ಟು ಮಾತ್ರ ಫಿಟ್ಟರ್ ಹೇಳಿದ್ದು ಸರಿ. 1.1 ಮೀಟರ್ ವೇಗದಲ್ಲಿ ದಪ್ಪ ಮರಳು ಎರಡರಿಂದಲೂ ಸಾಗದು.

ತುಮಕೂರು ಸದಸ್ಯ: ಫಾರ್ವರ್ಡ್ ಬಂದಿದೆ: ‘ಬ್ಲಾಕ್ ಆದ ಪೈಪಿಗೆ ಸೋಪಿನ ಪುಡಿ, ಪಟಿಕ ಹಾಕಿ ಒಂದು ಗಂಟೆ ಬಿಡಿ. ಆಮೇಲೆ ಕಂಪ್ರೆಸರ್ ಗಾಳಿ ಕೊಟ್ಟು ಪಂಪ್ ಬಿಡದೆ ಓಡಿಸಿ, 100% ಗ್ಯಾರಂಟಿ.’

ಪಂಪ್ ಮೇಡಂ: ಇದನ್ನು ಯಾರೂ ಮಾಡಬೇಡಿ. ಪಟಿಕ ಪುಡಿಯನ್ನು ಒಟ್ಟುಗೂಡಿಸಿ ಕೂರಿಸುತ್ತದೆ. ಹೊಂಡದಲ್ಲಿ ಅದು ಬೇಕು, ಪೈಪಿನಲ್ಲಿ ಬೇಡ. ಗಾಳಿ ನೀರಿನ ಹಾಗಲ್ಲ, ಒತ್ತಿದಷ್ಟೂ ಸ್ಪ್ರಿಂಗಿನಂತೆ ಶಕ್ತಿ ತುಂಬಿಕೊಳ್ಳುತ್ತದೆ. ಗಂಟು ಬಿಟ್ಟ ಕ್ಷಣ ಮರಳಿನ ಕಂಬ ಗುಂಡಿನಂತೆ ಹಾರುತ್ತದೆ, ಪೈಪ್ ಚಾಟಿಯಂತೆ ಬೀಸುತ್ತದೆ. ನಾನು ಹಿಂದೆ ಕೆಲಸ ಮಾಡಿದ ಕಡೆ ಹೀಗೇ ಒಬ್ಬರ ಕಾಲು ಮುರಿಯಿತು. ಇನ್ನು ಎರಡೂ ಕಡೆ ಕಟ್ಟಿಕೊಂಡ ಪಂಪನ್ನು ಓಡಿಸುತ್ತಿದ್ದರೆ ಒಳಗಿನ ನೀರು ಕುದಿದು ಕೇಸಿಂಗೇ ಸಿಡಿಯಬಹುದು. ಪಂಪ್ ಆಫ್ ಮಾಡಿ, ಒತ್ತಡ ಇಳಿಸಿ, ಹೊಂಡದ ತುದಿಯಿಂದ ಒಂದೊಂದೇ ಫ್ಲೇಂಜ್ ಬಿಚ್ಚಿ, ಸಣ್ಣ ಹೋಸಿನಲ್ಲಿ ನೀರು ಬಿಟ್ಟು ಹಿಂದಕ್ಕೆ ತೊಳೆಯುತ್ತಾ ಬನ್ನಿ.

ತುಮಕೂರು ಸದಸ್ಯ: ಒಳ್ಳೇದಾಗಲಿ ಅಂತ ಹಾಕಿದೆ, ಇಷ್ಟು ರೇಗಬೇಕಾ?

ರಾಮನಗರ ಯೂನಿಟ್: ಮೇಡಂ, 6 ಇಂಚು ಹಾಕಿದ್ರೆ ಕಟ್ಟಲ್ಲ ಅಂತಾರಲ್ಲ, ಹಾಕಬಹುದಾ?

ಪಂಪ್ ಮೇಡಂ: ಮೇಲೆ ಓದಿ.

ವಿಎಫ್‌ಡಿ ಸರ್ವಿಸ್: ಆರ್‌ಪಿಎಂ ಏರಿಸಿದ್ರೆ 6 ಇಂಚಿನಲ್ಲೇ ವೇಗ ಬರುತ್ತೆ. ಪೈಪ್ ಬದಲಿಸೋ ಖರ್ಚು ಉಳಿಯುತ್ತೆ.

ಪಂಪ್ ಮೇಡಂ: ತತ್ವ ಸರಿ, ಇಲ್ಲಿ ಆಗುವುದಿಲ್ಲ. ಸೆಕೆಂಡಿಗೆ 20 ಲೀಟರ್ ಇರುವುದನ್ನು 40 ಮಾಡಬೇಕು. ಆರ್‌ಪಿಎಂ 10% ಏರಿಸಿದರೇ ಮೋಟರಿನ ಹೊರೆ ಮೂರನೇ ಒಂದರಷ್ಟು ಏರುತ್ತದೆ. ಇಮ್ಮಡಿ ನೀರನ್ನು ಎಲ್ಲಿಂದ ತರುತ್ತಾರೆ?

ಚಿತ್ರದುರ್ಗ ಮೈನ್ಸ್: ಇಂಪೆಲ್ಲರಿಗೆ ರಬ್ಬರ್ ಒಳ್ಳೆಯದಾ, ಹೈ ಕ್ರೋಮಾ?

ಕನಕಪುರ ಕ್ರಷರ್: ಮೇಡಂ, ಗೇಜ್ ಏರಿತ್ತು, ಆಂಪ್ಸ್ ಇಳಿದಿತ್ತು. ಹೊಂಡದ ಏರಿ ಹತ್ತೋ ಕಡೆ ಹತ್ತು ಮೀಟರ್ ಕಡಿದಾಗಿದೆ, ಗಂಟು ಅದರ ಬುಡದಲ್ಲೇ ಸಿಕ್ತು. ಒಂದು ಲೀಟರ್ ಕೆಸರು ತೂಗಿದೆ, 1,150 ಗ್ರಾಂ. ಜಾಡಿಯಲ್ಲಿಟ್ರೆ ಅರ್ಧ ನಿಮಿಷದಲ್ಲಿ ಒಂದು ಬೆರಳು ದಪ್ಪ ಮರಳು ಕೂತ್ಕೊಂಡ್ತು.

ಪಂಪ್ ಮೇಡಂ: ಹೀಗೆ ಅಳೆದು ಹೇಳಿದರೆ ಮಾತಾಡಲು ಬರುತ್ತದೆ. ಗೇಜ್ ಏರಿ ಆಂಪ್ಸ್ ಇಳಿದರೆ ಕಟ್ಟಿರುವುದು ಪಂಪಿನ ಮುಂದೆ. ಎರಡೂ ಇಳಿದಿದ್ದರೆ ಸಕ್ಷನ್ ನೋಡಿ ಎನ್ನುತ್ತಿದ್ದೆ.

ಲೀಟರಿಗೆ 150 ಗ್ರಾಂ ಹೆಚ್ಚು ಬಂದರೆ ಅದರಲ್ಲಿ ಸುಮಾರು 240 ಗ್ರಾಂ ಘನ ಇದೆ. ಅಷ್ಟೂ ನಯವಾದ ಪುಡಿಯಾಗಿದ್ದರೆ ನನಗೆ ಚಿಂತೆ ಇರಲಿಲ್ಲ. ಅರ್ಧ ನಿಮಿಷದಲ್ಲಿ ಕೂತದ್ದು ನೀವು ಮಾರಬೇಕಾದ ಮರಳು, ವಾಷರ್ ತುಂಬಿ ಹರಿದು ಹೊಂಡಕ್ಕೆ ಹೋಗುತ್ತಿದೆ. ವಾಷರಿಗೆ ಬಿಡುವ ನೀರು ಹೆಚ್ಚಾಗಿದೆಯೇ, ಅದರ ಹೊರಹರಿವಿನ ಅಂಚು ಒಂದೇ ಮಟ್ಟದಲ್ಲಿದೆಯೇ ಮೊದಲು ನೋಡಿ. ಕೆಸರಿನಿಂದ ಮರಳು ಬೇರ್ಪಡಿಸುವ ಸೈಕ್ಲೋನಿನ ಮಾತು ಆಮೇಲೆ.

ಪೈಪ್ ಮತ್ತೆ 4 ಇಂಚೇ ಹಾಕಿ. ತಳ ಸವೆಯುವ ಮೊದಲು ಆಗಾಗ ಮೂರನೇ ಒಂದು ಸುತ್ತು ತಿರುಗಿಸಿ. ನಿಲ್ಲಿಸುವ ಮುಂಚೆ ಫೀಡ್ ಕಟ್ ಮಾಡಿ ಬರೀ ನೀರು ಓಡಿಸಿ. 140 ಮೀಟರ್ ದಾಟಲು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಸಾಕು, ನೀವು ಮೂರು ನಿಮಿಷ ಬಿಡಿ. ಕರೆಂಟ್ ಹೇಳಿ ಹೋಗುವುದಿಲ್ಲ, ಅದಕ್ಕೆ ಏರಿಯ ಬುಡದಲ್ಲಿ ಡ್ರೈನ್ ವಾಲ್ವ್ ಇರಲಿ. ಕರೆಂಟ್ ಹೋದ ಕೂಡಲೇ ಒಬ್ಬರು ಓಡಿ ತೆರೆಯಬೇಕು.

ಕನಕಪುರ ಕ್ರಷರ್: ಓನರ್ ಒಪ್ತಿಲ್ಲ ಮೇಡಂ. 6 ಇಂಚಿಗೆ ದುಡ್ಡು ಹಾಕಿದೀನಿ ಅಂತಾರೆ. ಬರೀ ವಾಲ್ವ್ ಹಾಕಿ ನೋಡೋಣ ಅಂತಿದಾರೆ.

ಪಂಪ್ ಮೇಡಂ: ವಾಲ್ವ್‌ನಿಂದ ಗಂಟು ಬಿಚ್ಚುವುದು ಸುಲಭವಾಗುತ್ತದೆ, ಹಾಸು ಕಟ್ಟುವುದು ನಿಲ್ಲುವುದಿಲ್ಲ. ಆ 6 ಇಂಚನ್ನು ಹೊಂಡದಿಂದ ತಿಳಿನೀರು ವಾಪಸ್ ತರಲು ಬಳಸಿ, ದುಡ್ಡು ಹಾಳಾಗದು.

ರಾಮನಗರ ಯೂನಿಟ್: ಹಾಗಾದ್ರೆ 6 ಇಂಚು ಬೇಡ್ವಾ ಮೇಡಂ? 5 ಇಂಚು?

ಹೊಸಪೇಟೆ ಫಿಟ್ಟರ್: ನಿಮ್ಮ ಡ್ರಮ್ ಎಷ್ಟು ಸೆಕೆಂಡಿಗೆ ತುಂಬುತ್ತೆ, ಮೊದಲು ಅದನ್ನ ಹೇಳ್ರಪ್ಪಾ.